ಬಾಮೈದ ಬಂಧುವಲ್ಲವಂತೆ

ನಮ್ಮ ಕಾರ್ಖಾನೆಯ ನೀತಿಸಂಹಿತೆಯಲ್ಲಿ ಹಿತಾಸಕ್ತಿ ಸಂಘರ್ಷದ ಬಗ್ಗೆ ಒಂದು ಪ್ಯಾರಾ ಇತ್ತು: 'ನೌಕರರು ಸಂಸ್ಥೆಯ ಹಿತಕ್ಕೆ ವ್ಯತಿರಿಕ್ತವಾದ, ಅಥವಾ ಹಾಗೆ ತೋರಬಹುದಾದ, ಯಾವುದೇ ಸಂಬಂಧ ಅಥವಾ ವ್ಯವಹಾರದಿಂದ ದೂರವಿರತಕ್ಕದ್ದು.' ಎಲ್ಲರೂ ಅದರ ಕೆಳಗೆ ಸಹಿ ಹಾಕಿದ್ದರು. ಅದು ಪಕ್ಕದ ಮೇಜಿನವನಿಗೆ ಬರೆದದ್ದು ಎಂಬ ವಿಷಯದಲ್ಲಿ ಎಲ್ಲರಿಗೂ ಒಮ್ಮತವಿತ್ತು.

'ಇದನ್ನ ಉದಾಹರಣೆ ಕೊಟ್ಟು ಬರೀರಿ, ಜನಕ್ಕೆ ತಟ್ಟಬೇಕು' ಎಂದರು ಎಂಡಿ. ಎಚ್.ಆರ್. ವಿಭಾಗದ ಮುಖ್ಯಸ್ಥ ನಾನು. ಸಾಲದ್ದಕ್ಕೆ ಕಾಲೇಜಿನಲ್ಲಿ ಕಥೆ ಬರೆದವನು. ಒಪ್ಪಿಕೊಂಡೆ.

ಕಥೆಗಾರನ ಹುಮ್ಮಸ್ಸಿನಲ್ಲಿ ಮೊದಲು ಬರೆದದ್ದೆಲ್ಲ ಖಳನಾಯಕರೇ. ಸೂಟ್‌ಕೇಸಿನಲ್ಲಿ ಹಣ ಪಡೆದು ಟೆಂಡರ್ ಕೊಟ್ಟವನು, ನಡುರಾತ್ರಿ ನಕ್ಷೆ ಮಾರಿದವನು. ಓದಿದವರೆಲ್ಲ ಮೆಚ್ಚಿದರು. ಮೆಚ್ಚಿದ್ದೇ ಅದರ ದೋಷ. ಸೂಟ್‌ಕೇಸ್ ಯಾರ ಮನೆಯಲ್ಲೂ ಇರಲಿಲ್ಲವಲ್ಲ. ಅದು ಲಂಚ, ಸಂಘರ್ಷವಲ್ಲ. ಸಂಘರ್ಷ ಹುಟ್ಟಲು ಯಾರೂ ಕೆಟ್ಟವರಾಗಬೇಕಿಲ್ಲ. ಒಂದು ನಿರ್ಧಾರ, ಅದನ್ನು ಮಾಡುವ ಒಬ್ಬ ಮನುಷ್ಯ, ಆ ನಿರ್ಧಾರದಿಂದ ಲಾಭವಾಗುವ ಅವನ ಕಡೆಯವನೊಬ್ಬ, ಇಷ್ಟಿದ್ದರೆ ಸಾಕು.

ಹಾಗಾಗಿ ಸಾಧುವಾದ ಉದಾಹರಣೆ ಬರೆದೆ: 'ನೀವು ಖರೀದಿ ವಿಭಾಗದಲ್ಲಿದ್ದೀರಿ. ಪ್ಯಾಕಿಂಗ್ ಡಬ್ಬಗಳಿಗೆ ಕೊಟೇಶನ್ ಕರೆದಿದ್ದೀರಿ. ಬಂದವುಗಳಲ್ಲಿ ಒಂದು ನಿಮ್ಮ ಬಾಮೈದನ ಕಂಪನಿಯದು.' ಕರಡನ್ನು ನೋಟಿಸ್ ಬೋರ್ಡಿಗೆ ಹಾಕಿದ ಮಧ್ಯಾಹ್ನವೇ ಸ್ಟೋರ್ಸಿನವರು ಬಂದು, 'ನೇರವಾಗಿ ಕರೆದು ಕೇಳಬಹುದಿತ್ತಲ್ಲ ಸಾರ್' ಎಂದರು. ಸಂಜೆ ಕ್ಯಾಂಟೀನ್ ನೋಡಿಕೊಳ್ಳುವವರು ಬಂದು ಅದನ್ನೇ ಹೇಳಿದರು. ಖರೀದಿ ವಿಭಾಗದವರು ಮಾತ್ರ ಬರಲಿಲ್ಲ. ಅವರು ರಜೆ ಹಾಕಿದ್ದರು. ನಾನು ಕಲ್ಪಿಸಿದ ಒಬ್ಬ ಬಾಮೈದನಿಗೆ ಇಷ್ಟು ಮಂದಿ ಭಾವಂದಿರು!

ಇಷ್ಟರಲ್ಲಿ ಅಕೌಂಟ್ಸ್‌ನ ಹಿರಿಯರು 2013ರ ಕಂಪನಿ ಕಾಯ್ದೆ ಹಿಡಿದು ಬಂದರು. 'ಬಾಮೈದ ಕಾನೂನು ಪ್ರಕಾರ ಬಂಧುವೇ ಅಲ್ಲ ಕಣ್ರೀ.' ನೋಡಿದರೆ ನಿಜ. ಕಾಯ್ದೆ ಮತ್ತು ಅದರ ನಿಯಮಗಳ ಪಟ್ಟಿಯಲ್ಲಿ ಗಂಡ ಹೆಂಡತಿ, ಅವಿಭಕ್ತ ಕುಟುಂಬದ ಸದಸ್ಯರು, ತಂದೆ ತಾಯಿ, ಮಗ ಸೊಸೆ, ಮಗಳು ಅಳಿಯ, ಅಣ್ಣತಮ್ಮ ಅಕ್ಕತಂಗಿಯರಿದ್ದಾರೆ. ಮಲತಾಯಿಗೂ ಜಾಗವಿದೆ. ಹೆಂಡತಿಯ ತಮ್ಮನಿಗಿಲ್ಲ. ಇದನ್ನು ಬರೆದು ಗೆಜೆಟ್ಟಿನಲ್ಲಿ ಹಾಕುವ ಧೈರ್ಯ ಸರ್ಕಾರಕ್ಕಿದೆ. ನಮ್ಮ ಮನೆಯಲ್ಲಿ ಓದಿ ಹೇಳುವ ಧೈರ್ಯ ನನಗಿಲ್ಲ.

ಆದರೆ ಅದು ಕಂಪನಿಯ ನಿರ್ದೇಶಕರು ಮುಂತಾದವರ ವ್ಯವಹಾರಗಳಿಗಾಗಿ ಕಾನೂನು ಎಳೆದ ಗೆರೆ. ನೀತಿಸಂಹಿತೆ ಅಲ್ಲಿಗೇ ನಿಲ್ಲಬೇಕೆಂದೇನಿಲ್ಲ. ಬಂಧುಗಳ ಪಟ್ಟಿ ಬೆಳೆಸಲು ಹೋದರೆ ಅದು ಮದುವೆ ಕರೆಯೋಲೆಯಾಗುತ್ತಿತ್ತು. ಬದಲಿಗೆ ಹೀಗೆ ಬರೆದೆ: 'ಈ ಆರ್ಡರ್ ಅವರಿಗೆ ತಪ್ಪಿದರೆ ಮುಂದಿನ ಹಬ್ಬದಲ್ಲಿ ನಿಮಗೆ ಮುಜುಗರವಾಗುತ್ತದೆಯೇ? ಆಗುವುದಾದರೆ ತಿಳಿಸಿ.' ಪಟ್ಟಿಯಲ್ಲಿ ತಮ್ಮ ಬಾಮೈದನಿಲ್ಲ ಎಂದು ಪಾರಾಗುವ ದಾರಿ ಅಲ್ಲಿಗೆ ಮುಚ್ಚಿತು.

ಉಡುಗೊರೆಯಲ್ಲೂ ಜಾಣತನ ತೋರಿ '500 ರೂಪಾಯಿ ಮೀರಬಾರದು' ಎಂದಿದ್ದೆ. 'ಅಂದರೆ ದಿನಾ 499ರದ್ದು ತಗೊಳ್ಳಬಹುದು' ಎಂದ ನಮ್ಮ ಡ್ರೈವರ್, ಕೇವಲ ಲೆಕ್ಕದ ಆಸಕ್ತಿಯಿಂದ. 'ಒಬ್ಬ ಸರಬರಾಜುದಾರನಿಂದ ವರ್ಷಕ್ಕೆ ಒಟ್ಟು' ಎಂದು ತಿದ್ದಿದೆ. ಜೊತೆಗೆ, 'ದೀಪಾವಳಿಗೆ ಬಂದ ಸಿಹಿ ಡಬ್ಬವನ್ನು ವಿಭಾಗದವರೆಲ್ಲ ಹಂಚಿ ತಿಂದರೆ ತೊಂದರೆಯಿಲ್ಲ' ಎಂದೂ ಸೇರಿಸಿದೆ. ಯಾವುದು ಸರಿ ಎಂಬುದಕ್ಕೂ ಉದಾಹರಣೆ ಇಲ್ಲದಿದ್ದರೆ ಜನ ಮೈಸೂರು ಪಾಕನ್ನೂ ಬಚ್ಚಿಟ್ಟು ತಿನ್ನುತ್ತಾರೆ.

ಕೊನೆಗೆ ಬಾಮೈದನ ಉದಾಹರಣೆ ಹೀಗೆ ನಿಂತಿತು: 'ಅವನು ಕೊಟೇಶನ್ ಕೊಡುವುದು ತಪ್ಪಲ್ಲ, ಅವನು ನಿಮ್ಮ ಬಾಮೈದನಾಗಿರುವುದೂ ತಪ್ಪಲ್ಲ. ಲಕೋಟೆ ತೆರೆಯುವ ಮೊದಲೇ ಲಿಖಿತವಾಗಿ ತಿಳಿಸಿ. ಹೋಲಿಕೆ ಪಟ್ಟಿಯನ್ನು ಇನ್ನೊಬ್ಬರು ಮಾಡಲಿ. ಆ ಚರ್ಚೆಯಲ್ಲಿ ನೀವು ಕೂರಬೇಡಿ, ಬೇರೆಯವರ ದರವನ್ನು ಅವನಿಗೆ ಹೇಳಬೇಡಿ.' ನಿರ್ದೇಶಕರ ಮಂಡಳಿಗೆ ಕಾಯ್ದೆಯ 184ನೇ ಸೆಕ್ಷನ್ ಹೇಳುವುದೂ ಇದೇ ಜಾಡು: ಆಸಕ್ತಿ ಘೋಷಿಸಿ, ಆ ವಿಷಯದ ಚರ್ಚೆಯಿಂದ ಹೊರಗಿರಿ. 'ದೂರವಿರತಕ್ಕದ್ದು' ಎಂದು ಹೆದರಿಸಿದಾಗ ಬಾಯಿ ಬಿಡದವರು, ಮಾಡಬೇಕಾದ್ದು ಇಷ್ಟೇ ಎಂದು ಗೊತ್ತಾದ ಮೇಲೆ ಫಾರಂ ಕೇಳಿಕೊಂಡು ಬಂದರು. ರಜೆ ಹಾಕಿದ್ದವರೂ ಬಂದರು.

ಹೊಸ ನೀತಿಸಂಹಿತೆ ಮುದ್ರಣಕ್ಕೆ ಹೋಗಬೇಕು. ಬಂದ ಕೊಟೇಶನ್‌ಗಳಲ್ಲಿ ಒಂದು ನನ್ನ ಷಡ್ಡಕನ ಪ್ರೆಸ್ಸಿನದು. ನಾನೇ ಬರೆದ ಮಾತಿನಂತೆ, ಲಕೋಟೆ ತೆರೆಯುವ ಮೊದಲೇ ಫಾರಂ ತುಂಬಿ, ಸಹಿ ಹಾಕಿ, ಟಪಾಲಿಗೆ ಕೊಟ್ಟು ಎದೆಯುಬ್ಬಿಸಿ ಕುಳಿತೆ. ಅರ್ಧ ಗಂಟೆಗೆ ಅಟೆಂಡರ್ ಅದನ್ನು ತಂದು ನನ್ನ ಮೇಜಿನ ಮೇಲೇ ಇಟ್ಟ. ಫಾರಂನ ತಲೆಯಲ್ಲಿ ನಾನೇ ಅಚ್ಚು ಹಾಕಿಸಿದ್ದೆ: 'ಪರಿಶೀಲನೆ ಮತ್ತು ಅನುಮೋದನೆಗಾಗಿ, ಎಚ್.ಆರ್. ಮುಖ್ಯಸ್ಥರಿಗೆ.'

'ಸಾರ್, ಅರ್ಜೆಂಟಂತೆ' ಎಂದ ಅವನು. 'ಯಾರು ಕಳಿಸಿದ್ದು ಅಂತ ನೋಡಿ ಸ್ವಲ್ಪ.'