ಉಂಡ ಮೇಲೊಂದು ಅರ್ಜಿ

ಅಂಕೋಲೆಯಲ್ಲಿ ಉಂಡವರು ಕಾರವಾರಕ್ಕೆ ಬಂದು ಥ್ಯಾಂಕ್ಸ್ ಹೇಳುವ ಪದ್ಧತಿ ನಮ್ಮಲ್ಲಿ ಹಿಂದೆಂದೂ ಇರಲಿಲ್ಲ. ನಡುವೆ ಇರುವುದು ಸುಮಾರು 35 ಕಿಲೋಮೀಟರ್ ಹೆದ್ದಾರಿ. ವಡೆ, ಕೋಳಿ ಆಸಿ ಹೊಟ್ಟೆಗೆ ಬಿದ್ದವನಿಗೆ ಅವರ್ಸಾ ದಾಟುವಾಗ ಮುಚ್ಚಿದ ಕಣ್ಣು ಬಿಣಗಾ ಬಂದ ಮೇಲೇ ತೆರೆಯುವುದು. ಇನ್ನು ಉಪಕಾರ ನೆನೆಯಲು ಪುರುಸೊತ್ತೆಲ್ಲಿ? ಅದನ್ನೆಲ್ಲ ಬಾಳೆಯ ಮುಂದೆಯೇ "ಇನ್ನೆರಡು ವಡೆ ಹಾಕೇ" ಎಂದು ಮುಗಿಸಿರುತ್ತೇವೆ. ಸ್ವಂತ ತಮ್ಮನ ಮನೆಯಲ್ಲಿ ಉಂಡು "ಧನ್ಯವಾದಗಳು" ಎಂದವನನ್ನು, ಇವನೇನು ಸಭೆಯಲ್ಲಿ ವಂದನಾರ್ಪಣೆ ಮಾಡುತ್ತಿದ್ದಾನೋ ಎಂಬಂತೆ ನೋಡುತ್ತಾರೆ.

ಆದರೆ ನಮ್ಮ ಭಾವನ ತಮ್ಮನ ಮನೆಗೆ ಈಗ ಕೋಲ್ಕತ್ತಾದ ಸೊಸೆ ಬಂದಿದ್ದಾಳೆ. ಅವಳ ಕನ್ನಡ ಇನ್ನೂ "ಊಟ ಆಯ್ತಾ" ದಾಟಿಲ್ಲ. ಭಾವನ ಮನೆಗೆ ಬಂದು ಉಂಡು ಹೋದ ಮರುದಿನ ಅವಳು ಚೆಂದದ ಇಂಗ್ಲಿಷಿನಲ್ಲಿ ಮೆಸೇಜು ಕಳಿಸಿದ್ದಳು. ಈ ಸಲ ಉಂಡವರು ಇವರು. ಹಾಗಾಗಿ ಸರಕಾರಿ ಕಚೇರಿಯಲ್ಲಿ ಕಡತ ನೋಡಿ ನಿವೃತ್ತರಾದ ಭಾವ ಬೆಳಿಗ್ಗೆಯೇ ಫೋನು ಹಿಡಿದು ನನ್ನಲ್ಲಿಗೆ ಬಂದರು. ನಾನು ಇಂಗ್ಲಿಷ್ ಮಾಸ್ತರನಾಗಿದ್ದ ಪಾಪಕ್ಕೆ ಪಿಂಚಣಿಯ ಜೊತೆ ಇಂಥದ್ದೂ ಬರುತ್ತದೆ.

"ನೋಡು ಮಾರಾಯ, ಸ್ವಲ್ಪ ಪ್ರೀತಿ ಕಾಣೂ ಹಾಗೆ ಮಾಡು" ಎಂದರು.

ನೋಡಿದೆ. "ರೆಸ್ಪೆಕ್ಟೆಡ್ ಮೇಡಮ್, ಐ ಆ್ಯಮ್ ವೆರಿ ಮಚ್ ಥ್ಯಾಂಕ್‌ಫುಲ್ ಫಾರ್ ಪ್ರೊವೈಡಿಂಗ್ ಡಿನ್ನರ್ ಯೆಸ್ಟರ್‌ಡೇ ನೈಟ್. ಸಾರಿ ಫಾರ್ ದ ಟ್ರಬಲ್. ಕೈಂಡ್ಲಿ ವಿಸಿಟ್ ಅವರ್ ಹೌಸ್. ಥ್ಯಾಂಕಿಂಗ್ ಯೂ." ಕೆಳಗೆ ಪೂರ್ತಿ ಹೆಸರು, ಇನಿಶಿಯಲ್ ಸಮೇತ. ಶಿರಸ್ತೇದಾರರ ಸಹಿಯೊಂದು ಬಾಕಿ.

ಮೊದಲು ಮೇಡಮ್ಮನ್ನು ಇಳಿಸಿ ಸೊಸೆಯ ಹೆಸರು ಹಾಕಿದೆ. ಆಮೇಲೆ "ಪ್ರೊವೈಡಿಂಗ್" ತೆಗೆದೆ. ಊಟ ಪ್ರೊವೈಡ್ ಮಾಡುವುದು ಹಾಸ್ಟೆಲಿನವರು. ಅದರ ಜಾಗಕ್ಕೆ "ಥ್ಯಾಂಕ್ ಯೂ ಸೋ ಮಚ್ ಫಾರ್ ಹ್ಯಾವಿಂಗ್ ಅಸ್ ಲಾಸ್ಟ್ ನೈಟ್" ಎಂದು ಬರೆದೆ. ಭಾವ ಹುಬ್ಬು ಗಂಟಿಕ್ಕಿದರು. "ಹ್ಯಾವಿಂಗ್ ಅಸ್? ತಿಂದಿದ್ದು ನಾವು ಮಾರಾಯ, ಅವಳಲ್ಲ!" ಕರೆದು ಕೂರಿಸಿಕೊಂಡಿದ್ದಕ್ಕೆ ಆ ಭಾಷೆಯವರು ಹೇಳುವುದೇ ಹಾಗೆ ಎಂದು ಸಮಾಧಾನ ಮಾಡಬೇಕಾಯಿತು.

"ಸಾರಿ ಫಾರ್ ದ ಟ್ರಬಲ್" ಮಾತ್ರ ಬಿಡಲು ಅವರು ಸುತರಾಂ ಒಪ್ಪಲಿಲ್ಲ. ಅವರದೂ ನ್ಯಾಯವೇ. "ನಿಮಗೆ ಸುಮ್ಮನೆ ತೊಂದರೆ ಕೊಟ್ಟೆವು" ಎನ್ನದೆ ಚಪ್ಪಲಿ ಮೆಟ್ಟುವವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಅದನ್ನೇ ಇಂಗ್ಲಿಷಿಗೆ ಎತ್ತಿ ಹಾಕಿದರೆ, ಓದಿದವಳು ನಿನ್ನೆ ರಾತ್ರಿ ಏನೋ ಯಡವಟ್ಟಾಗಿತ್ತೇ ಎಂದು ಯೋಚಿಸಿಯಾಳು. ಟ್ರಬಲ್ ಇರಲಿ, ಅದನ್ನು ಅವಳ ಲೆಕ್ಕಕ್ಕೆ ಜಮಾ ಮಾಡೋಣ ಎಂದೆ: "ಯೂ ವೆಂಟ್ ಟು ಸೋ ಮಚ್ ಟ್ರಬಲ್ ಫಾರ್ ಅಸ್." ತಪ್ಪೊಪ್ಪಿಗೆ ಹೋಗಿ ಹೊಗಳಿಕೆ ಬಂತು. ಭಾವನ ಮುಖ ಅರಳಿತು.

ಇನ್ನು "ಕೈಂಡ್ಲಿ ವಿಸಿಟ್". ಓದಿದರೆ ದಾಖಲೆ ಪರಿಶೀಲನೆಗೆ ಕರೆದಂತಿತ್ತು. "ಯೂ ಮಸ್ಟ್ ಕಮ್ ಟು ಅಸ್ ನೆಕ್ಸ್ಟ್" ಎಂದು ತಿದ್ದಿದೆ. "ಮಸ್ಟ್ ಅಂದ್ರೆ ಆರ್ಡರ್ ಆಗೂದಿಲ್ವನಾ?" ಎಂದು ಕೇಳಿದರು. ಕಚೇರಿಯಲ್ಲಿ ಆರ್ಡರ್, ಊಟಕ್ಕೆ ಕರೆಯುವಾಗ ಒತ್ತಾಯ. ನಾವೂ "ಬರಲೇಬೇಕು" ಎನ್ನುತ್ತೇವಲ್ಲ, ಯಾರಾದರೂ ಮೇಲ್ಮನವಿ ಹಾಕಿದ್ದಾರೆಯೇ?

ಇಷ್ಟಾದರೂ ಮೆಸೇಜು ಯಾರು ಯಾರಿಗೆ ಬೇಕಾದರೂ ಕಳಿಸಬಹುದಾದ ಹಾಗಿತ್ತು. "ಎಂಥ ತಿಂದ್ರಿ? ಯಾವುದು ನೆನಪಲ್ಲಿ ಉಳ್ದದೆ?" ಎಂದು ಕೇಳಿದೆ. "ಡಿಲಿಶಿಯಸ್ ಅಂತ ಹಾಕು, ಎಲ್ಲ ಬಂತು" ಎಂದರು. ಬರುವುದಿಲ್ಲ. ಆ ಪದ ಹೋಟೆಲಿನ ಬೋರ್ಡಿನ ಮೇಲೂ ಇರುತ್ತದೆ. ಬಾಯಿ ಬಿಡಿಸಿದಾಗ ವಡೆಯ ಮಾತು ಬಂತು, ಸೋಲ್ ಕಡಿಯ ಮಾತು ಬಂತು, ಹೊರಡುವಾಗ ಚೀಲಕ್ಕೆ ಹಾಕಿಕೊಟ್ಟ ಕರಿ ಈಶಾಡ ಮಾವಿನ ಮಾತೂ ಬಂತು. 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದ ನಮ್ಮ ಅಂಕೋಲೆಯ ಹಣ್ಣು ಅದು. ಮಾನ್ಯತೆಗೆ ಮೊದಲೂ ಭಾವ ಅದನ್ನು ಗೊರಟು ಬೆಳ್ಳಗಾಗುವವರೆಗೆ ಬಿಟ್ಟವರಲ್ಲ.

"ವಡೆ ಹಾಕ್ತೆ" ಎಂದು ನಾನು ಬೆರಳು ಊರುವಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಕೂಗಿದಳು: "ವಡೆ ಲಟ್ಟಿಸಿದ್ದು ನನ್ನ ಓರಗಿತ್ತಿ. ಸೊಸೆ ಮಾಡಿದ್ದು ಸೋಲ್ ಕಡಿ ಒಂದೇ!"

ಸೊಸೆಗೆ ವಡೆಯ ಹೊಗಳಿಕೆ ಹೋಗಿದ್ದರೆ ಅತ್ತೆಯ ಮುಂದೆ ಅವಳ ಗತಿ ಏನು? ಸಂದೇಶದಲ್ಲಿ ಒಂದು ತಿನಿಸಿನ ಹೆಸರು ಹೇಳಿ ಎಂದು ಬೋಧಿಸುವವರಿಗೆ ಕೂಡುಕುಟುಂಬದ ಒಲೆ ಗೊತ್ತಿಲ್ಲ. ಕೊನೆಗೆ "ಐ ಹ್ಯಾಡ್ ತ್ರೀ ಗ್ಲಾಸಸ್ ಆಫ್ ಯುವರ್ ಸೋಲ್ ಕಡಿ ಆ್ಯಂಡ್ ವಾಂಟೆಡ್ ಎ ಫೋರ್ತ್" ಎಂದು ಸೇರಿಸಿದೆವು. ಕುಟುಂಬದ ಗ್ರೂಪಿಗಲ್ಲ, ಅವಳೊಬ್ಬಳಿಗೇ ಕಳಿಸಿದೆವು.

ಓರಗಿತ್ತಿಯ ಪಾಲು ಅಕ್ಕನೇ ವಹಿಸಿಕೊಂಡಳು. ಫೋನು ಹಚ್ಚಿದವಳು ಥ್ಯಾಂಕ್ಸಿನ ಸುದ್ದಿಗೇ ಹೋಗಲಿಲ್ಲ. "ಅಷ್ಟೆಲ್ಲ ಯಾಕೆ ಮಾಡಿದ್ಯೇ, ಬುದ್ಧಿ ಇಲ್ವಾ ನಿಂಗೆ? ಇವ್ರು ರಾತ್ರಿಯಿಡೀ ಹೊಟ್ಟೆ ಹಿಡ್ಕಂಡು ಕೂತಿದ್ರು" ಎಂದು ಚೆನ್ನಾಗಿ ಬೈದಳು. ಆಚೆ ಕಡೆಯಿಂದ ಬಂದ ನಗು ನನಗೂ ಕೇಳಿತು.