ಬೀಪ್ ಆದ ಮೇಲೆ ಮಾತಾಡಿ

ನ್ಯೂಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರಸ್ತೆಯ ಉದ್ದಕ್ಕೂ ಭಾರತೀಯ ಅಂಗಡಿಗಳದ್ದೇ ಕಾರುಬಾರು. ಅಲ್ಲಿ ದಿನಸಿ ಅಂಗಡಿ ಇಟ್ಟಿರುವ ಕನ್ನಡಿಗರೊಬ್ಬರಿಗೆ ಶುಕ್ರವಾರ ಸಂಜೆ ಐದಾಯಿತೆಂದರೆ ಎರಡು ಕೈ ಸಾಲದು. ಬಾಗಿಲವರೆಗೂ ಕ್ಯೂ. ಫೋನು ಬಡಿದುಕೊಂಡು ಬಡಿದುಕೊಂಡು ಸುಸ್ತಾಗಿ, ಕರೆಯನ್ನು ವಾಯ್ಸ್‌ಮೇಲಿಗೆ ಒಪ್ಪಿಸುತ್ತದೆ.

ಯಜಮಾನರ ಮೊದಲ ಧ್ವನಿಮುದ್ರಿತ ಸಂದೇಶ "ಹಲೋ" ಎಂದು ಶುರುವಾಗಿ ಗಳಿಗೆ ಹೊತ್ತು ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಅತ್ತಲಿನವರು "ಅಣ್ಣಾ, ಮಲ್ಲಿಗೆ ಬಂತಾ?" ಎಂದು ಕೇಳಿಯೇ ಬಿಡುತ್ತಿದ್ದರು. ಅಣ್ಣ ಮಲ್ಲಿಗೆಯ ಮಾತೆತ್ತದೆ, ನಿಮ್ಮ ಕರೆ ನಮಗೆ ಅಮೂಲ್ಯ, ಕ್ಷಮಿಸಿ, ಸಿಬ್ಬಂದಿಯೆಲ್ಲ ಕೆಲಸದಲ್ಲಿದ್ದಾರೆ ಎಂದು ಸುಮಾರು ಒಂದು ನಿಮಿಷ ಪ್ರವಚನ ಕೊಡುತ್ತಿದ್ದರು. ಬೀಪ್‌ವರೆಗೆ ಕಾಯುವ ಪುಣ್ಯಾತ್ಮರು ಕಡಿಮೆ. ಕಾದವರ ಸಂದೇಶಗಳಲ್ಲೂ ಬಹುಪಾಲು ಬರೀ ನಿಟ್ಟುಸಿರು, ಇಲ್ಲವೇ "ಎತ್ತುತ್ತಿಲ್ಲ ಕಣ್ರೀ, ನಡೀರಿ ಬೇರೆ ಕಡೆ" ಎಂಬ ದಂಪತಿ ಸಂವಾದ.

ಇದನ್ನೆಲ್ಲ ಕೂತು ಕೇಳಿದವರು ಅವರ ಹೆಂಡತಿ. ಬಿಲ್ಲಿನ ಹಿಂಬದಿಯಲ್ಲಿ ಗೀಟು ಹಾಕುತ್ತ ಹೋದರು. ಏನಾದರೂ ಕೇಳಿದವರಲ್ಲಿ ಹೆಚ್ಚಿನವರ ಪ್ರಶ್ನೆ ಎರಡೇ: ಎಷ್ಟು ಹೊತ್ತಿನವರೆಗೆ ತೆಗೆದಿರ್ತೀರಿ? ದೋಸೆಹಿಟ್ಟು, ಹೂವು ಬಂತಾ? ಈ ಎರಡಕ್ಕೂ ಸಂದೇಶವೇ ಉತ್ತರ ಕೊಟ್ಟುಬಿಟ್ಟರೆ ಅರ್ಧ ಜನ ಬೀಪ್‌ಗೆ ಕಾಯುವ ಅಗತ್ಯವೇ ಇಲ್ಲ. ಗಿರಾಕಿಗೆ ಬೇಕಾದದ್ದು ಕ್ಷಮಾಪಣೆಯಲ್ಲ, ಹಿಟ್ಟು.

ಹೊಸ ಸಂದೇಶವನ್ನು ಆಕೆ ಹೀಗೆ ಬರೆದರು: "ನಮಸ್ಕಾರ, ಇದು ಓಕ್ ಟ್ರೀ ರಸ್ತೆಯ ದಿನಸಿ ಅಂಗಡಿ. ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ತೆರೆದಿರುತ್ತೇವೆ. ದೋಸೆಹಿಟ್ಟು, ಹೂವು ಶುಕ್ರವಾರ ಮಧ್ಯಾಹ್ನ 3ಕ್ಕೆ ಬರುತ್ತವೆ. ಎತ್ತಿಡಬೇಕಿದ್ದರೆ ಬೀಪ್ ಆದ ಮೇಲೆ ಹೆಸರು, ಏನು, ಎಷ್ಟು ಎಂದು ಹೇಳಿ. ಫೋನ್ ನಂಬರನ್ನು ಎರಡು ಸಲ ನಿಧಾನವಾಗಿ ಹೇಳಿ. ರಾತ್ರಿ 8ರ ಮೇಲೆ ನಾವೇ ಫೋನ್ ಮಾಡುತ್ತೇವೆ."

ಇಪ್ಪತ್ತೈದು ಸೆಕೆಂಡಿನ ಮಾತು. ಗುಜರಾತಿ, ತೆಲುಗು ಗಿರಾಕಿಗಳೂ ಇರುವುದರಿಂದ ಇದನ್ನು ಇಂಗ್ಲಿಷಿನಲ್ಲಿ ಹೇಳಿ, "ಕನ್ನಡದಲ್ಲೇ ಮಾತಾಡಿ, ಪರವಾಗಿಲ್ಲ" ಎಂದು ಕೊನೆಗೊಂದು ಸಾಲು ಸೇರಿಸಿದರು. ಎರಡೂ ಭಾಷೆಯಲ್ಲಿ ಪೂರ್ತಿ ಹೇಳಹೊರಟರೆ ಮತ್ತೆ ಪ್ರವಚನವೇ.

ಧ್ವನಿಮುದ್ರಣದ್ದೇ ಇನ್ನೊಂದು ರಗಳೆ. ಕೌಂಟರಿನಲ್ಲಿ ನಿಂತು ಹೇಳಿದ್ದಕ್ಕೆ ಫ್ರೀಜರಿನ ಗುಂಯ್‌ ಹಿಮ್ಮೇಳವಿತ್ತು. ಕಡೆಗೆ ಅಂಗಡಿ ಮುಚ್ಚಿದ ಮೇಲೆ, ಹಿಂದಿನ ಉಗ್ರಾಣದಲ್ಲಿ ಅಕ್ಕಿಚೀಲಗಳ ನಡುವೆ ನಿಂತು ಹೇಳಿದರು. ಅಕ್ಕಿಚೀಲ ದನಿ ಮಾರ್ದನಿಸದಂತೆ ಹೀರಿಕೊಳ್ಳುತ್ತದೆ. ಆಮೇಲೆ ದೀಪಾವಳಿಗೆಂದು ಸೇರಿಸಿದ ಶುಭಾಶಯ, ವಿಶೇಷ ವೇಳೆ ಮಾತ್ರ ಸಂಕ್ರಾಂತಿವರೆಗೂ ಹಾಗೇ ಉಳಿದಿದ್ದವು. ಎಳ್ಳುಬೆಲ್ಲ ಕೇಳಿದವರಿಗೆ ಪಟಾಕಿ ಹಬ್ಬದ ಶುಭಾಶಯ ಸಿಕ್ಕಿತು.

ಇಷ್ಟೆಲ್ಲ ಮಾಡಿಯೂ ಹಳೆಯ ಸಂದೇಶಗಳನ್ನು ಅಳಿಸದಿದ್ದರೆ ಪೆಟ್ಟಿಗೆ ತುಂಬುತ್ತದೆ. ಆಮೇಲೆ ಯಂತ್ರ ಯಾರ ಮಾತನ್ನೂ ತೆಗೆದುಕೊಳ್ಳುವುದಿಲ್ಲ. ಅದು ಗೊತ್ತಾಗುವುದು ಕರೆ ಮಾಡಿದವರಿಗೇ ಮೊದಲು. ಅಂಗಡಿ ಇಟ್ಟವರು ವಾರಕ್ಕೊಮ್ಮೆ ಬೇರೆ ಫೋನಿನಿಂದ ತಮ್ಮದೇ ನಂಬರಿಗೆ ಕರೆ ಮಾಡಿ, ಎತ್ತದೆ ಬಿಟ್ಟು, ಬೀಪ್‌ವರೆಗೂ ಕೇಳಿ ನೋಡಲಿ.