ಯುಪಿಎಸ್ ಕೂಗು

ತುಬಚಿಯಂಥ ಊರಿನ ಝೆರಾಕ್ಸ್ ಅಂಗಡಿಯಲ್ಲಿ ಪಹಣಿ ಬೇಕೆಂದು ನಾಲ್ಕು ಮಂದಿ ನಿಂತಾಗಲೇ ಯುಪಿಎಸ್ ಕುಂಯ್ ಎಂದು ಕೂಗಿ ಕಣ್ಣು ಮುಚ್ಚುತ್ತದೆ. ಮಾಲಕರು ಅದರ ನೆತ್ತಿಗೆರಡು ಬಡಿಯುತ್ತಾರೆ.

"ಬಡೀಬ್ಯಾಡ್ರಿ ಅಣ್ಣಾರ, ಕರೆಂಟ್ ಇದ್ದಾಗೂ ಒದರತೈತೇನು?" ಎಂದ ರಿಪೇರಿ ಹುಡುಗ.

"ಪ್ರಿಂಟ್ ಕೊಟ್ಟಾಗ ಒದರತೈತಪಾ."

"ಹಂಗಾದ್ರ ಹೊರೆ ಜಾಸ್ತಿ. ಇದು 600 ವಿಎ, ತಡಿಯೂದು 360 ವ್ಯಾಟ್. ಲೇಸರ್ ಪ್ರಿಂಟರ್ ಕಾಯೂ ಮುಂದ ಅದಕಿಂತ ಹೆಚ್ಚು ಎಳೀತೈತಿ. ಗ್ವಾಡಿ ಪ್ಲಗ್ಗಿಗೆ ಹಾಕ್ರಿ."

ಪ್ರಿಂಟರ್ ಬಿಡಿಸಿದರೆ ಕೂಗು ನಿಂತಿತು. ಆದರೆ ಕರೆಂಟ್ ತೆಗೆದ ಕೂಡಲೇ ಕಂಪ್ಯೂಟರೂ ಮಲಗಿತು.

"ಇದು ಬ್ಯಾಟರಿ ಮುಪ್ಪು. ಎರಡು ಮೂರು ವರ್ಷದ ಆಯುಷ್ಯ, ನಮ್ಮ ಬ್ಯಾಸಗಿಗೆ ಇನ್ನೂ ಕಡಿಮಿ."

"ಹೋದ ದೀಪಾವಳಿಗೇ ಹೊಸಾದು ಹಾಕೀನಲ್ಲೋ!"

ಹುಡುಗ ಮೀಟರ್ ಹಿಡಿದ. ಕರೆಂಟ್ ಇದ್ದಾಗ 12 ವೋಲ್ಟ್ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.5 ಇರಬೇಕು. ಇಲ್ಲಿ 11.8. ಬೇರೆ ಒಳ್ಳೆಯ ಬ್ಯಾಟರಿ ಜೋಡಿಸಿದರೂ ಅಂಕಿ ಏರದೆ ಇಳಿಯುತ್ತಲೇ ಹೋಯಿತು. ಉಣಿಸಬೇಕಾದ ಚಾರ್ಜರೇ ಉಪವಾಸ ಕೆಡವಿತ್ತು. ಹಸಿದೇ ಬ್ಯಾಟರಿ ಕೆಟ್ಟಿತ್ತು. ಅಂಕಿ 15 ದಾಟಿದ್ದರೆ ಅತಿಯಾಗಿ ಉಣಿಸಿ ಹೊಟ್ಟೆ ಉಬ್ಬಿಸುತ್ತಿತ್ತು.

"ಚಾರ್ಜರ್ ಸರಿ ಮಾಡದ ಇನ್ನೊಂದು ಬ್ಯಾಟರಿ ಹಾಕಿದ್ರ ಅದೂ ಸಾಯತೈತಿ. ಡಬ್ಬಿ ನೀವು ಬಿಚ್ಚಬ್ಯಾಡ್ರಿ, ಒಳಗ 230 ವೋಲ್ಟ್ ಇರತೈತಿ."

"ಕರೆಂಟ್ ಹೋದಾಗ ಪ್ರಿಂಟ್?"

"ಆವಾಗ ಗಿರಾಕಿಗೆ ಚಾ ಹೇಳ್ರಿ."